‘ಪಾಸಾಗಿ ಒಂದು ವರ್ಷ ಆಯ್ತಲ್ಲ, ಏನ್ಮಾಡ್ತಿದ್ರಿ?’

ಬಿ.ಕಾಂ. ಮುಗಿದು ವರ್ಷವಾಗಿದೆ. ಕೊನೆಗೂ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಯಾವ ಊರು, ಯಾವ ಕಾಲೇಜು, ಟ್ಯಾಲಿ ಬರುತ್ತಾ, ಜಿಎಸ್‌ಟಿ ಗೊತ್ತಾ ಎಂಬಲ್ಲಿಯವರೆಗೆ ಎಲ್ಲ ಸಲೀಸು. ಆಮೇಲೆ ಎದುರಿಗಿದ್ದವರು ರೆಸ್ಯೂಮೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ತೇರ್ಗಡೆಯಾದ ವರ್ಷದ ಮೇಲೆ ಪೆನ್ನಿಟ್ಟು ಕೇಳುತ್ತಾರೆ: “ಪಾಸಾಗಿ ಒಂದು ವರ್ಷ ಆಯ್ತಲ್ಲ, ಏನ್ಮಾಡ್ತಿದ್ರಿ?”

ಉತ್ತರ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಆ ವರ್ಷವನ್ನು ಕಳೆದವರು ನೀವೇ. ಆದರೂ ಗಂಟಲು ಕಟ್ಟುತ್ತದೆ. ಇದಕ್ಕೆ ಕಾರಣ ಸಂದರ್ಶನದ ಕೋಣೆಯಲ್ಲಿಲ್ಲ. ಇದೇ ಪ್ರಶ್ನೆಯನ್ನು ವರ್ಷವಿಡೀ ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡಿದ್ದೀರಿ. ಅಲ್ಲಿ ಕೇಳಿದವರಿಗೆ ನಿಮ್ಮ ಉತ್ತರದಿಂದ ಏನೂ ಆಗಬೇಕಿರಲಿಲ್ಲ, ಹಾಗಾಗಿ ನೀವೂ ತಲೆ ತಗ್ಗಿಸಿ “ನೋಡ್ತಾ ಇದೀನಿ” ಎಂದೋ, ಸಿಟ್ಟಿನಿಂದ “ಸುಮ್ನೆ ಏನೂ ಕೂತಿಲ್ಲ” ಎಂದೋ ಹೇಳಿ ಜಾರಿಕೊಳ್ಳುವುದನ್ನು ಕಲಿತಿದ್ದೀರಿ. ಅದೇ ಅಭ್ಯಾಸ ಕಂಪನಿಯ ಎಚ್‌ಆರ್ ಎದುರಿಗೂ ಬಾಯಿಗೆ ಬರುತ್ತದೆ. ಅಲ್ಲಿ ಕೇಳುವವರಿಗಾದರೋ ಉತ್ತರ ನಿಜಕ್ಕೂ ಬೇಕು.

ಅವರಿಗೆ ತಿಳಿಯಬೇಕಾದದ್ದು ಏನು?

ಪದವಿ ಮುಗಿದ ಮೇಲೆ ಕೆಲವು ತಿಂಗಳು ಕೆಲಸವಿಲ್ಲದೆ ಇರುವುದು ನಮ್ಮಲ್ಲಿ ಹೊಸದೇನಲ್ಲ. ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯೇ ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ, ಹೆಚ್ಚೆಂದರೆ ಎರಡು ವರ್ಷ, ಭತ್ಯೆ ಕೊಡುವ ಲೆಕ್ಕದಲ್ಲಿ ರೂಪುಗೊಂಡಿದೆ. ನೇಮಕಾತಿ ಮಾಡುವವರಿಗೂ ಇದು ಗೊತ್ತು. ಖಾಲಿ ವರ್ಷವೊಂದನ್ನು ಕಂಡ ಮಾತ್ರಕ್ಕೆ ಅರ್ಜಿ ಎತ್ತಿಡುವವರಾಗಿದ್ದರೆ ನಿಮ್ಮನ್ನು ಸಂದರ್ಶನಕ್ಕೇ ಕರೆಯುತ್ತಿರಲಿಲ್ಲ.

ಅವರ ತಲೆಯಲ್ಲಿರುವುದು ಮೂರು ಅನುಮಾನ. ಮೊದಲನೆಯದು, ಇವರು ಸರ್ಕಾರಿ ಅಥವಾ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದು, ಫಲಿತಾಂಶ ಬಂದ ದಿನ ಕೆಲಸ ಬಿಟ್ಟು ಹೋಗುತ್ತಾರೆಯೇ? ಎರಡನೆಯದು, ಕಾಲೇಜಿನಲ್ಲಿ ಕಲಿತದ್ದು ಈಗಲೂ ಕೈಯಲ್ಲಿದೆಯೇ, ಮರೆತೇಹೋಗಿದೆಯೇ? ಮೂರನೆಯದು, ಹೇಳದೆ ಮುಚ್ಚಿಟ್ಟದ್ದು ಏನಾದರೂ ಇದೆಯೇ? ಎಷ್ಟೋ ಸಲ ನಾಲ್ಕನೆಯ ಕಾರಣವೂ ಇರುತ್ತದೆ, ಅದು ತೀರಾ ಸಾದಾ: ಅವರ ಫಾರ್ಮಿನಲ್ಲಿ ‘ಗ್ಯಾಪ್ ಇದ್ದರೆ ಕಾರಣ’ ಎಂಬ ಕಾಲಂ ಇದೆ, ಅದರಲ್ಲಿ ಏನಾದರೂ ಬರೆಯಬೇಕು.

ನಿಮ್ಮ ಉತ್ತರ ಈ ಅನುಮಾನಗಳನ್ನು ತೀರಿಸಿದರೆ ಸಾಕು. ನೀವು ಒಳ್ಳೆಯವರು, ಕಷ್ಟಪಟ್ಟವರು ಎಂದು ಸಾಬೀತು ಮಾಡಬೇಕಾಗಿಲ್ಲ. ಅದನ್ನು ಸಾಬೀತು ಮಾಡಲು ಹೊರಟಾಗಲೇ ದನಿಯಲ್ಲಿ ಅಳುಕೋ ಜಗಳವೋ ಸೇರಿಕೊಳ್ಳುವುದು.

1. ಮೊದಲು ತಿಂಗಳು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಪರೀಕ್ಷೆ ಮುಗಿದಂದಿನಿಂದ ಇವತ್ತಿನವರೆಗಿನ ತಿಂಗಳುಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿ ತಿಂಗಳ ಮುಂದೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ನಾಲ್ಕು ಪದ ಸಾಕು. ನೆನಪಾಗದಿದ್ದರೆ ಫೋನಿನ ಫೋಟೋ, ಪರೀಕ್ಷೆಯ ಹಾಲ್ ಟಿಕೆಟ್, ಬ್ಯಾಂಕ್ ಪಾಸ್‌ಬುಕ್ ನೋಡಿ.

“ಒಂದು ವರ್ಷ ಖಾಲಿ” ಎಂಬುದು ಹಾಳೆಯ ಮೇಲೆ ಬರೆದಾಗ ಒಂದು ವರ್ಷವಾಗಿ ಉಳಿಯುವುದೇ ಅಪರೂಪ. ಜೂನ್‌ನಲ್ಲಿ ಪರೀಕ್ಷೆ ಮುಗಿದು ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಬಂದಿದ್ದರೆ ನಡುವಿನ ತಿಂಗಳುಗಳು ನಿಮ್ಮ ಗ್ಯಾಪ್ ಅಲ್ಲ, ವಿಶ್ವವಿದ್ಯಾಲಯದ್ದು. ಲೆಕ್ಕವನ್ನು ಫಲಿತಾಂಶದ ತಿಂಗಳಿನಿಂದ ಶುರುಮಾಡಿ. ಉಳಿದದ್ದು ಎರಡು ಮೂರು ತುಂಡುಗಳಾಗಿ ಒಡೆಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಹುಡುಗಿ, ಬಿ.ಕಾಂ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಬಂದಿದ್ದಾಳೆ. ಅವಳ ಹಾಳೆ ಹೀಗಿದೆ: ಸೆಪ್ಟೆಂಬರ್, ಫಲಿತಾಂಶ. ಅಕ್ಟೋಬರ್‌ನಿಂದ ಫೆಬ್ರವರಿ, ಧಾರವಾಡದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಕೋಚಿಂಗ್. ಪ್ರಿಲಿಮ್ಸ್ ಆಯಿತು, ಮೇನ್ಸ್ ಆಗಲಿಲ್ಲ. ಮಾರ್ಚ್, ಏಪ್ರಿಲ್, ಅಪ್ಪನ ಮಂಡಿ ಆಪರೇಷನ್, ಮನೆಯಲ್ಲಿ. ಮೇ ತಿಂಗಳಿನಿಂದ ಈವರೆಗೆ ರಾಣೆಬೆನ್ನೂರಿನಲ್ಲಿ ಸೋದರಮಾವನ ಗೊಬ್ಬರದ ಅಂಗಡಿ.

ಕೊನೆಯ ಸಾಲನ್ನು ಅವಳು ರೆಸ್ಯೂಮೆಯಲ್ಲಿ ಬರೆದೇ ಇರಲಿಲ್ಲ. “ಅದೇನು ಕೆಲಸಾನಾ, ಮಾವನ ಅಂಗಡಿ, ಸಂಬಳಾನೂ ಇಲ್ಲ” ಎಂಬುದು ಅವಳ ವಾದ. ಆದರೆ ಮುಂಗಾರು ಬಿತ್ತನೆಯ ಹೊತ್ತಿನಲ್ಲಿ ಗೊಬ್ಬರದಂಗಡಿಯಲ್ಲಿ ದಿನಕ್ಕೆ ಎಷ್ಟು ಬಿಲ್ ಹರಿಯುತ್ತವೆ ಎಂದು ನೋಡಿದವರಿಗೆ ಗೊತ್ತು. ಆ ಬಿಲ್‌ಗಳನ್ನು ಟ್ಯಾಲಿಗೆ ಹಾಕಿದವಳು ಇವಳು. ಅವಳು ಅರ್ಜಿ ಹಾಕಿರುವ ಕೆಲಸವೂ ಹೆಚ್ಚುಕಡಿಮೆ ಅದೇ.

2. ಮೂರು ತುಂಡು, ಮುಕ್ಕಾಲು ನಿಮಿಷ

ಉತ್ತರಕ್ಕೆ ಮೂರು ತುಂಡು ಸಾಕು. ಏನಾಯಿತು ಎಂಬುದು ತಿಂಗಳ ಸಮೇತ. ಆ ಅವಧಿಯಲ್ಲಿ ಈ ಕೆಲಸಕ್ಕೆ ಉಪಯೋಗವಾಗುವಂಥದ್ದು ಏನು ಮಾಡಿದಿರಿ ಎಂಬುದು. ಈಗ ಇಲ್ಲಿಗೇಕೆ ಬಂದಿರಿ ಎಂಬುದು. ಮೊದಲ ತುಂಡು ಮೂರನೆಯ ಅನುಮಾನವನ್ನು ತೀರಿಸುತ್ತದೆ, ಎರಡನೆಯದು ಎರಡನೆಯದನ್ನು, ಕೊನೆಯದು ಮೊದಲನೆಯದನ್ನು. ಎಲ್ಲ ಸೇರಿ ಮುಕ್ಕಾಲು ನಿಮಿಷ ಮೀರಬಾರದು. ಮೀರಿತೆಂದರೆ ನೀವು ವಿವರಣೆ ಬಿಟ್ಟು ಸಮರ್ಥನೆಗೆ ಇಳಿದಿದ್ದೀರಿ ಎಂದೇ ಲೆಕ್ಕ.

ಆ ಹುಡುಗಿಯ ಮೊದಲ ಪ್ರಯತ್ನ ಹೀಗಿತ್ತು ಎಂದುಕೊಳ್ಳಿ:

“ಆಕ್ಚುಲಿ ಸರ್, ತುಂಬಾ ಕಡೆ ಟ್ರೈ ಮಾಡಿದೆ, ಎಲ್ಲೂ ಆಗ್ಲಿಲ್ಲ. ಫ್ರೆಶರ್ಸ್‌ಗೆ ಯಾರೂ ಚಾನ್ಸೇ ಕೊಡಲ್ಲ ಸರ್, ಎಲ್ರೂ ಎಕ್ಸ್‌ಪೀರಿಯನ್ಸ್ ಕೇಳ್ತಾರೆ. ಮನೇಲೂ ಸ್ವಲ್ಪ ಪ್ರಾಬ್ಲಂ ಇತ್ತು. ಹಾಗಂತ ಸುಮ್ನೆ ಏನೂ ಕೂತಿರ್ಲಿಲ್ಲ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಫಾರ್ಮಿನಲ್ಲಿ ಬರೆದುಕೊಳ್ಳಲು ಒಂದು ಸಂಗತಿಯೂ ಇಲ್ಲ. “ಎಲ್ಲೂ ಆಗ್ಲಿಲ್ಲ” ಎಂದರೆ ಕೇಳುವವರಿಗೆ ‘ಬೇರೆಯವರು ಕಂಡ ಕೊರತೆ ಏನಿರಬಹುದು’ ಎಂಬ ಹೊಸ ಅನುಮಾನ ಹುಟ್ಟುತ್ತದೆ. “ಯಾರೂ ಚಾನ್ಸ್ ಕೊಡಲ್ಲ” ಎಂಬ ದೂರು, ಕರೆದು ಕೂರಿಸಿ ಚಾನ್ಸ್ ಕೊಡುತ್ತಿರುವವರ ಎದುರಿಗೇ. “ಸ್ವಲ್ಪ ಪ್ರಾಬ್ಲಂ” ಎಂದು ಅರ್ಧಕ್ಕೆ ಬಿಟ್ಟದ್ದು ಎಲ್ಲಕ್ಕಿಂತ ಅಪಾಯ, ಏಕೆಂದರೆ ಉಳಿದರ್ಧವನ್ನು ಅವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಕೊನೆಯ ವಾಕ್ಯದಲ್ಲಿ ಯಾರೂ ಹೊರಿಸದ ಆರೋಪಕ್ಕೆ ಉತ್ತರವಿದೆ.

ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಕಟ್ಟಿದ ಉತ್ತರ ಇದು:

“ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ರಿಸಲ್ಟ್ ಬಂತು ಸರ್. ಫೆಬ್ರವರಿವರೆಗೆ ಧಾರವಾಡದಲ್ಲಿದ್ದು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದಿದೆ. ಪ್ರಿಲಿಮ್ಸ್ ಆಯ್ತು, ಮೇನ್ಸ್ ಆಗ್ಲಿಲ್ಲ. ಆಮೇಲೆ ಎರಡು ತಿಂಗಳು ತಂದೆಯವರ ಮಂಡಿ ಆಪರೇಷನ್‌ಗೆ ಮನೇಲಿದ್ದೆ, ಈಗ ಅವರು ಹುಷಾರಾಗಿ ಓಡಾಡ್ತಿದಾರೆ. ಮೇ ತಿಂಗಳಿಂದ ರಾಣೆಬೆನ್ನೂರಲ್ಲಿ ನಮ್ಮ ಮಾವನ ಗೊಬ್ಬರದ ಅಂಗಡಿ ಲೆಕ್ಕ ನೋಡ್ತಿದೀನಿ. ದಿನದ ಬಿಲ್ ಟ್ಯಾಲಿಗೆ ಹಾಕ್ತೀನಿ, ಜಿಎಸ್‌ಟಿಆರ್-1ಕ್ಕೆ ಮಾರಾಟದ ವಿವರ ತೆಗೆದು 11ನೇ ತಾರೀಕಿಗೆ ಮುಂಚೆ ಆಡಿಟರ್‌ಗೆ ಕೊಡ್ತೀನಿ, ಖರೀದಿ ಬಿಲ್‌ಗಳನ್ನ 2ಬಿ ಜೊತೆ ತಾಳೆ ನೋಡ್ತೀನಿ. ನಿಮ್ಮಲ್ಲಿ ಖರೀದಿ ಬಿಲ್ ಕೆಲಸ ಜಾಸ್ತಿ ಅಂತ ಜಾಹೀರಾತಲ್ಲಿತ್ತು, ಅದಕ್ಕೇ ಅರ್ಜಿ ಹಾಕಿದೆ.”

ಇಲ್ಲಿ ಸೋಲೂ ಇದೆ, ಮನೆಯ ತೊಂದರೆಯೂ ಇದೆ. ಆದರೆ ಒಂದೊಂದಕ್ಕೂ ಶುರು ಮತ್ತು ಕೊನೆ ಇವೆ. “ಮೇನ್ಸ್ ಆಗ್ಲಿಲ್ಲ” ಎಂದು ಹೇಳಿ, ವಿಷಾದದ ಒಂದು ಮಾತೂ ಸೇರಿಸದೆ ಮುಂದೆ ಹೋಗಿದ್ದಾಳೆ. “ಈಗ ಹುಷಾರಾಗಿ ಓಡಾಡ್ತಿದಾರೆ” ಎಂಬುದನ್ನು ಬಿಡಬಾರದು. ಮನೆಯವರ ಅನಾರೋಗ್ಯ ಎಂದೊಡನೆ ಎಚ್‌ಆರ್ ಮನಸ್ಸಿಗೆ ಬರುವುದು ಮುಂದಿನ ರಜೆಗಳು. ಆರೈಕೆ ಇನ್ನೂ ನಡೆಯುತ್ತಿದ್ದರೆ “ಊರಲ್ಲಿ ಅಣ್ಣ ನೋಡ್ಕೊಳ್ತಿದಾನೆ” ಎಂಬಂತೆ ಇರುವ ಏರ್ಪಾಟನ್ನು ಹೇಳಿ. ಹುಷಾರಿಲ್ಲದೆ ಇದ್ದವರು ನೀವೇ ಆಗಿದ್ದರೆ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ: “ಆರೋಗ್ಯದ ಕಾರಣಕ್ಕೆ ನಾಲ್ಕು ತಿಂಗಳು ವಿಶ್ರಾಂತಿ ಬೇಕಾಯ್ತು, ಈಗ ಕೆಲಸ ಮಾಡೋಕೆ ತೊಂದರೆ ಇಲ್ಲ” ಎಂದರೆ ಮುಗಿಯಿತು.

3. ಪರೀಕ್ಷೆ ಇರುವುದು ಎರಡನೇ ಪ್ರಶ್ನೆಯಲ್ಲಿ

ಮೊದಲ ಉತ್ತರವನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಬರಬಹುದು. ಕೇಳುವವರಿಗೂ ಅದು ಗೊತ್ತಿರುವುದರಿಂದ ಅವರು ಒಂದು ಎಳೆ ಹಿಡಿದು ಎಳೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಎಳೆ ಸಿಗುವುದು 2ಬಿಯಲ್ಲಿ. “ಅಂಗಡಿಗೆ ಬಂದ ಒಂದು ಖರೀದಿ ಬಿಲ್ 2ಬಿಯಲ್ಲಿ ಕಾಣ್ಲಿಲ್ಲ ಅಂದ್ರೆ ಏನ್ಮಾಡ್ತಿದ್ರಿ?”

ನಿಜವಾಗಿ ಮಾಡಿದವಳಿಗೆ ಇದು ಕಷ್ಟದ ಪ್ರಶ್ನೆಯಲ್ಲ. “ಮಾರಿದವರು ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ಹಾಕಿರಲ್ಲ ಸರ್, ಇಲ್ಲಾ ನಮ್ಮ ಜಿಎಸ್‌ಟಿ ನಂಬರ್ ತಪ್ಪು ಬರೆದಿರ್ತಾರೆ. ಫೋನ್ ಮಾಡಿ ಸರಿ ಮಾಡಿಸ್ತೀವಿ. 2ಬಿಯಲ್ಲಿ ಬರೋವರೆಗೂ ಆ ಬಿಲ್‌ನ ಟ್ಯಾಕ್ಸ್ ಕ್ರೆಡಿಟ್ ತಗೊಳ್ಳಲ್ಲ, ಬೇರೆ ಪಟ್ಟಿ ಮಾಡಿ ಇಟ್ಕೊಂಡಿರ್ತೀವಿ.” ಇಷ್ಟು ಹೇಳಿದ ಮೇಲೆ ಗ್ಯಾಪ್ ವಿಷಯ ಮತ್ತೆ ಏಳುವುದಿಲ್ಲ. ಮಾತು ಕೆಲಸದ ಕಡೆಗೆ ತಿರುಗಿದೆ, ನಿಮಗೆ ಬೇಕಾಗಿದ್ದದ್ದೂ ಅದೇ. ಆದ್ದರಿಂದ ಉತ್ತರದಲ್ಲಿ ಹೆಸರಿಸುವ ಪ್ರತಿ ಕೆಲಸಕ್ಕೂ ‘ಅದರಲ್ಲಿ ತಪ್ಪಾದರೆ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡು ತಯಾರಾಗಿ. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲದ ಕೆಲಸವನ್ನು ಹೆಸರಿಸಲೇಬೇಡಿ.

ಇನ್ನೊಂದು ಎಳೆ ಪರೀಕ್ಷೆಯದು. “ಬ್ಯಾಂಕ್ ಎಕ್ಸಾಂ ಮತ್ತೆ ಬರೀತೀರಾ?” ಕೆಪಿಎಸ್‌ಸಿ, ಪಿಡಿಒ, ಎಫ್‌ಡಿಎ ಎಂದು ಓದುತ್ತಿದ್ದವರಿಗೆ ಇದು ಖಂಡಿತ ಬರುವ ಪ್ರಶ್ನೆ. ಇಲ್ಲಿ ಹೆಚ್ಚಿನವರು ಯೋಚಿಸದೆ “ಇಲ್ಲ ಸರ್, ಇನ್ನು ಬರೆಯೋದೇ ಇಲ್ಲ” ಎಂದುಬಿಡುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಸಂದರ್ಶನಕ್ಕೆ ಹೋಗುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ. ಬರೆಯುವುದಿಲ್ಲ ಎಂದಾದರೆ ಕಾರಣ ಸಮೇತ ಹೇಳಿ: “ಒಂದು ಸಲ ಪೂರ್ತಿ ಸಮಯ ಕೊಟ್ಟು ನೋಡಿದೆ, ಮುಂದಿನ ನೋಟಿಫಿಕೇಶನ್‌ಗೆ ಅರ್ಜಿ ಹಾಕಿಲ್ಲ.” ಬರೆಯುತ್ತೀರಿ ಎಂದಾದರೆ ಸುಳ್ಳು ಬೇಡ: “ಅರ್ಜಿ ಹಾಕಿದೀನಿ, ಆದ್ರೆ ಅದಕ್ಕಂತ ಕೆಲಸ ಬಿಟ್ಟು ಓದೋ ಯೋಚನೆ ಇಲ್ಲ.” ಈ ಎರಡನೇ ಉತ್ತರದಿಂದ ಕೆಲವು ಕಡೆ ಕೆಲಸ ತಪ್ಪಬಹುದು, ಅದು ನಿಜ. ಆದರೆ ಸೇರಿದ ಮೂರೇ ತಿಂಗಳಿಗೆ ಹಾಲ್ ಟಿಕೆಟ್ ಹಿಡಿದು ರಜೆ ಕೇಳುವಾಗ ಆಗುವ ಮುಜುಗರಕ್ಕಿಂತ ಇದು ವಾಸಿ ಎಂಬುದು ನನ್ನ ಅಭಿಪ್ರಾಯ.

“ಇಷ್ಟು ದಿನ ಬೇರೆ ಎಲ್ಲೂ ಯಾಕೆ ಆಗ್ಲಿಲ್ಲ?” ಎಂದು ಚುಚ್ಚಿದಂತೆ ಕೇಳುವವರೂ ಇರುತ್ತಾರೆ. ಉತ್ತರದಲ್ಲಿ ಒಂದು ಸಂಗತಿ ಇರಲಿ: “ಎರಡು ಕಡೆ ಕೊನೆ ರೌಂಡ್‌ವರೆಗೆ ಹೋಗಿದ್ದೆ. ಒಂದು ಕಡೆ ಎಕ್ಸೆಲ್ ಟೆಸ್ಟ್‌ನಲ್ಲಿ ಹಿಂದೆ ಬಿದ್ದೆ, ಆಮೇಲೆ ವಿಲುಕಪ್, ಪಿವಟ್ ಟೇಬಲ್ ಕಲ್ತೆ.” ಹೀಗೆ ಹೇಳಿದ ಮೇಲೆ ಎಕ್ಸೆಲ್ ತೆರೆದು ಮುಂದಿಟ್ಟರೂ ಇಟ್ಟಾರು, ನಿಜವಾಗಿ ಕಲಿತಿರಿ.

4. ತೋರಿಸಲು ಏನೂ ಇಲ್ಲದಿದ್ದರೆ?

ಹಾಳೆಯ ಮೇಲೆ ಐದಾರು ತಿಂಗಳು ನಿಜಕ್ಕೂ ಖಾಲಿಯಾಗಿರಬಹುದು. ಅರ್ಜಿ ಹಾಕುವುದು, ಫೋನ್ ನೋಡುವುದು, ಮಲಗುವುದು, ಇಷ್ಟೇ ನಡೆದಿರಬಹುದು. ಅದಕ್ಕೆ ಮಾಡದ ಕೋರ್ಸಿನ ಹೆಸರು ತುಂಬಬೇಡಿ. ಹಿಂದಿನ ತಿಂಗಳುಗಳನ್ನು ಬದಲಿಸಲಾಗದು, ಈ ತಿಂಗಳನ್ನು ಬದಲಿಸಬಹುದು.

ಲೆಕ್ಕಪತ್ರದ ಕೆಲಸ ಹುಡುಕುವವರಿಗೆ ದಾರಿ ಸುಲಭವಿದೆ. ಟ್ಯಾಲಿಪ್ರೈಮ್ ಅನ್ನು ಲೈಸೆನ್ಸ್ ಇಲ್ಲದೆ ಎಜುಕೇಶನಲ್ ಮೋಡ್‌ನಲ್ಲಿ ಉಚಿತವಾಗಿ ಬಳಸಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಗುರುತಿನ ಒಂದು ಕಿರಾಣಿ ಅಂಗಡಿಯಲ್ಲೋ ಮೆಡಿಕಲ್ ಶಾಪಿನಲ್ಲೋ ಕೇಳಿಕೊಂಡು ಒಂದು ತಿಂಗಳ ಬಿಲ್ ತನ್ನಿ. ಎಲ್ಲವನ್ನೂ ಹಾಕಿ, ಟ್ರಯಲ್ ಬ್ಯಾಲೆನ್ಸ್ ಮತ್ತು ಸ್ಟಾಕ್ ಲೆಕ್ಕ ತೆಗೆದು ಅಂಗಡಿಯವರಿಗೇ ತೋರಿಸಿ. ಗೋದಾಮಿನಲ್ಲಿರುವ ಸರಕಿಗೂ ನಿಮ್ಮ ಲೆಕ್ಕಕ್ಕೂ ತಾಳೆಯಾಗದೆ ಎಲ್ಲಿ ತಪ್ಪಿತು ಎಂದು ಹುಡುಕುತ್ತೀರಲ್ಲ, ಸಂದರ್ಶನದಲ್ಲಿ ಹೇಳಬೇಕಾದ ಮಾತು ಅಲ್ಲಿ ಸಿಗುತ್ತದೆ.

ಆಗ ಉತ್ತರ ಹೀಗಿರಲಿ: “ಮೊದಲ ಆರು ತಿಂಗಳು ಬರೀ ಅರ್ಜಿ ಹಾಕ್ತಾ ಕಳೆದೆ ಸರ್, ಅದರಿಂದ ಪ್ರಯೋಜನ ಆಗ್ಲಿಲ್ಲ. ಹೋದ ತಿಂಗಳಿಂದ ಒಂದು ಮೆಡಿಕಲ್ ಶಾಪಿನ ಬಿಲ್‌ಗಳನ್ನ ತಗೊಂಡು ಟ್ಯಾಲಿಯಲ್ಲಿ ಅಭ್ಯಾಸ ಮಾಡ್ತಿದೀನಿ.” ಅಭ್ಯಾಸವನ್ನು ಅಭ್ಯಾಸ ಎಂದೇ ಕರೆಯಿರಿ. ಅದನ್ನು ‘ಫ್ರೀಲಾನ್ಸ್ ಅಕೌಂಟೆಂಟ್’ ಎಂದು ಹಿಗ್ಗಿಸಿದರೆ ಎಷ್ಟು ಗ್ರಾಹಕರು, ಎಷ್ಟು ಶುಲ್ಕ ಎಂಬ ಪ್ರಶ್ನೆಗಳು ಹಿಂದೆಯೇ ಬರುತ್ತವೆ.

ಎಚ್ಚರಿಕೆ: ಕೊಂಡುಕೊಂಡ ಅನುಭವ

ಹಣ ಕೊಟ್ಟರೆ ಒಂದು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತೇವೆ ಎನ್ನುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಗ್ಯಾಪ್ ಮುಚ್ಚಲು ಇದಕ್ಕೆ ಕೈ ಹಾಕಬೇಡಿ. ದೊಡ್ಡ ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್‌ನ ಯುಎಎನ್ ದಾಖಲೆ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 26ಎಎಸ್ ಕೇಳುತ್ತವೆ. ಪತ್ರದಲ್ಲಿರುವ ಕಂಪನಿ ಇವುಗಳಲ್ಲಿ ಕಾಣುವುದಿಲ್ಲ. ಸೇರಿ ಆರು ತಿಂಗಳಾದ ಮೇಲೆ ಗೊತ್ತಾದರೂ ಕೆಲಸ ಹೋಗುತ್ತದೆ, ಆಗ ವಿವರಿಸಬೇಕಾದ ಗ್ಯಾಪ್ ಇನ್ನೂ ಕೆಟ್ಟದ್ದಾಗಿರುತ್ತದೆ. ನಕಲಿ ದಾಖಲೆ ಸೃಷ್ಟಿ ಅಪರಾಧ ಎಂಬುದು ಬೇರೆ.

ಯುವನಿಧಿ ಭತ್ಯೆ ಪಡೆದವರಿಗೆ ಇನ್ನೊಂದು ತೊಡಕಿದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯ ಈ ಭತ್ಯೆಗೆ ‘ನನಗೆ ಉದ್ಯೋಗವಿಲ್ಲ’ ಎಂದು ನೀವೇ ಸ್ವಯಂಘೋಷಣೆ ಕೊಟ್ಟಿರುತ್ತೀರಿ. ಅದೇ ತಿಂಗಳುಗಳಿಗೆ ಅನುಭವ ಪತ್ರ ತೋರಿಸಿದರೆ ನಿಮ್ಮ ಒಂದು ಸಹಿಯನ್ನು ಇನ್ನೊಂದು ಸಹಿ ಸುಳ್ಳು ಮಾಡುತ್ತದೆ. ಭತ್ಯೆ ಪಡೆದದ್ದನ್ನು ಸಂದರ್ಶನದಲ್ಲಿ ಹೇಳಿಕೊಳ್ಳಬೇಕಾಗಿಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಕೆಲಸಕ್ಕೆ ಸೇರಿದ ಕೂಡಲೇ ಅದನ್ನು ನಿಲ್ಲಿಸಿಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ರೆಸ್ಯೂಮೆಯಲ್ಲಿ ತೇರ್ಗಡೆಯಾದ ವರ್ಷವನ್ನೇ ತೆಗೆದುಹಾಕುವುದು. ಅಂಕಪಟ್ಟಿಯ ಪ್ರತಿ ಕೊಡುವಾಗ ಅದು ಹೊರಬರುತ್ತದೆ. ವರ್ಷ ಇರಲಿ, ಅದರ ಕೆಳಗೆ ಒಂದು ಸಾಲು ಸೇರಿಸಿ: ‘ಮೇ ತಿಂಗಳಿನಿಂದ: ಕುಟುಂಬದ ಗೊಬ್ಬರ ಅಂಗಡಿ, ರಾಣೆಬೆನ್ನೂರು, ಟ್ಯಾಲಿ ಎಂಟ್ರಿ, ಜಿಎಸ್‌ಟಿ ವಿವರ ತಯಾರಿ (ಸಂಬಳವಿಲ್ಲದೆ)’. ಅಂಗಡಿಯ ಆಡಿಟರ್ ಒಪ್ಪಿದರೆ ಅವರ ನಂಬರನ್ನು ಕೇಳಿದಾಗ ಕೊಡಲು ಇಟ್ಟುಕೊಂಡಿರಿ.

ಬಾಯಲ್ಲಿ ಒಂದು, ಕಾಗದದಲ್ಲಿ ಒಂದು. ಸೇರುವಾಗ ಕೆಲವು ಕಂಪನಿಗಳು ಗ್ಯಾಪ್ ಬಗ್ಗೆ ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತವೆ. ಟೈಪ್ ಮಾಡುವವರು ತಮ್ಮಲ್ಲಿರುವ ಹಳೆಯ ನಮೂನೆಯನ್ನೇ ಹಾಕಿ ‘ಅನಾರೋಗ್ಯದ ನಿಮಿತ್ತ’ ಎಂದು ಬರೆದುಬಿಡುವುದುಂಟು. ಸಹಿ ಮಾಡುವ ಮುನ್ನ ಓದಿ. ತಿಂಗಳುಗಳೂ ಕಾರಣವೂ ನೀವು ಸಂದರ್ಶನದಲ್ಲಿ ಹೇಳಿದ್ದೇ ಆಗಿರಬೇಕು.

ಇಂಗ್ಲಿಷ್ ಉತ್ತರವನ್ನು ಅಂತರ್ಜಾಲದಿಂದ ಎತ್ತಿ ಉರು ಹೊಡೆಯುವುದು. ಮೊದಲು ಕನ್ನಡದಲ್ಲಿ ಕಟ್ಟಿ, ಆಮೇಲೆ ನಿಮಗೆ ಬರುವ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. ಇನ್ನೊಬ್ಬರ ಭಾರಿ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಮುಗಿದುಹೋಗುತ್ತದೆ.

ಅಮ್ಮನ ಎದುರು ಅಭ್ಯಾಸ ಮಾಡುವುದು. ಅವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ಈಗಾಗಲೇ ಕೆಲಸದಲ್ಲಿರುವ ಸೀನಿಯರ್ ಒಬ್ಬರ ಮುಂದೆ ಹೇಳಿ, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ‘ಆಕ್ಚುಲಿ’ಯಿಂದ ಶುರುವಾಗಿದ್ದರೆ, ವಾಕ್ಯದ ಕೊನೆಗೆ ದನಿ ಇಳಿದು ನುಂಗಿಹೋಗಿದ್ದರೆ, ಗ್ಯಾಪ್ ಬಂದ ಕಡೆ ಮಾತಿನ ವೇಗ ಹೆಚ್ಚಿದ್ದರೆ ಇನ್ನೊಮ್ಮೆ ಹೇಳಿ.

ಬಸ್ಸಿನಲ್ಲಿ ನಿಂತು ಉತ್ತರಿಸುವುದು. ಮೊದಲ ಸಲ ಈ ಪ್ರಶ್ನೆ ಬರುವುದು ಹೆಚ್ಚಾಗಿ ಎಚ್‌ಆರ್ ಫೋನ್ ಕರೆಯಲ್ಲೇ. ಗಲಾಟೆಯಲ್ಲಿದ್ದರೆ “ಅರ್ಧ ಗಂಟೆ ಬಿಟ್ಟು ನಾನೇ ಮಾಡ್ಲಾ ಮೇಡಂ?” ಎನ್ನಿ. ಫೋನಿನಲ್ಲಿ ಒಂದೇ ವಾಕ್ಯ ಸಾಕು, ಉಳಿದದ್ದು ಮುಖತಃ.

ಇನ್ನೊಂದು ಮಾತು. ಕೆಲವು ಸಂದರ್ಶನಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ. ಅವರು ರೆಸ್ಯೂಮೆ ನೋಡಿದ್ದಾರೆ, ಆ ಒಂದು ಸಾಲು ಓದಿದ್ದಾರೆ, ಅವರಿಗೆ ಅಷ್ಟು ಸಾಕೆನಿಸಿದೆ. ಆಗ ನೀವಾಗಿ ಅದನ್ನು ಎತ್ತಬೇಡಿ.